ಬಿಸಿ ಕಟ್ಟುವ ಸುಂಕ

ಪಾಲಿಟೆಕ್ನಿಕ್‌ನ ಹೀಟ್ ಎಂಜಿನ್ ಲ್ಯಾಬ್. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ ನಿಮಿಷಕ್ಕೆ 1500 ಸುತ್ತು ಓಡುತ್ತಿದೆ. ಬ್ರೇಕ್ ಡ್ರಮ್ಮಿಗೆ ಸುತ್ತಿದ ಹಗ್ಗ ಬಿಗಿದು ನಿಂತಿದೆ. ಡ್ರಮ್ಮಿನ ಒಳಬದಿಗೆ ಸುರಿದ ನೀರು ಆಗಲೇ ಆವಿಯಾಗಿ ಮೇಲೇಳುತ್ತಿದೆ. ಬ್ಯೂರೆಟ್ಟಿನ ಮುಂದೆ ಸ್ಟಾಪ್ ವಾಚ್ ಹಿಡಿದು ಬಗ್ಗಿ ನಿಂತ ವಿದ್ಯಾರ್ಥಿನಿ ಡೀಸೆಲ್ ಗೆರೆ ದಾಟಿದ ಕೂಡಲೇ ಕೂಗುತ್ತಾಳೆ: "10 ಸಿಸಿಗೆ 26 ಸೆಕೆಂಡ್!"

ಅವಳು ರೀಡಿಂಗ್ ಬರೆದುಕೊಂಡು, ಲೆಕ್ಕ ಮುಗಿಸಿ, ರೆಕಾರ್ಡ್ ಪುಸ್ತಕದೊಂದಿಗೆ ನನ್ನ ಮೇಜಿನ ಮುಂದೆ ಬಂದು ಕೂತಾಗ ವೈವಾ ಶುರುವಾಗುತ್ತದೆ. ಇಂಥ ಮೇಜಿನ ಈಚೆ ಬದಿಯಲ್ಲಿ ನಾನು ವರ್ಷಗಟ್ಟಲೆ ಕೂತಿದ್ದೇನೆ. ಎರಡನೆಯ ನಿಯಮದ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸುವವರು ಬಹಳ ಮಂದಿ. ಆದರೆ ಪಕ್ಕದಲ್ಲೇ ಬಿಸಿಯಾಗಿ ನಿಂತಿರುವ ಆ ಎಂಜಿನ್ನನ್ನು ತೋರಿಸಿ, "ನೀವು ಹೇಳಿದ ನಿಯಮ ಇದರಲ್ಲಿ ಎಲ್ಲಿದೆ?" ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಹಾಗಾಗಿ ನನ್ನ ಪ್ರಶ್ನೆಗಳೆಲ್ಲ ಆ ಎಂಜಿನ್ನಿನ ರೀಡಿಂಗಿನಿಂದಲೇ ಹೊರಡುತ್ತವೆ. ಅವನ್ನು ಅದೇ ಸಾಲಿನಲ್ಲಿ ಇಲ್ಲಿ ಇಡುತ್ತೇನೆ.

"ಒಳಗೆ ಹೋದದ್ದೆಷ್ಟು, ಕೆಲಸವಾಗಿ ಬಂದದ್ದೆಷ್ಟು?"

ಹಗ್ಗದ ಮೇಲಿನ ನಿವ್ವಳ ಭಾರ 12 ಕೆ.ಜಿ., ಡ್ರಮ್ಮಿನ ತ್ರಿಜ್ಯ ಹಗ್ಗವೂ ಸೇರಿ 20 ಸೆಂಟಿಮೀಟರ್. ಈ ವೇಗಕ್ಕೆ ಲೆಕ್ಕ ಹಾಕಿದರೆ ಶಾಫ್ಟಿನಲ್ಲಿ ಸಿಗುವ ಶಕ್ತಿ 3.7 ಕಿಲೋವ್ಯಾಟ್. ಇನ್ನು ಇಂಧನ. 10 ಸಿಸಿ ಡೀಸೆಲ್ ಎಂದರೆ ಸುಮಾರು 8.3 ಗ್ರಾಂ. ಒಂದು ಗ್ರಾಂ ಉರಿದರೆ 42.5 ಕಿಲೋಜೂಲ್ ಬಿಸಿ ಹುಟ್ಟುತ್ತದೆ ಎಂದು ಹಿಡಿದರೆ, 26 ಸೆಕೆಂಡಿನ ಲೆಕ್ಕದಲ್ಲಿ ಒಳಗೆ ಹೋದದ್ದು 13.6 ಕಿಲೋವ್ಯಾಟ್. ದಕ್ಷತೆ ಶೇಕಡ 27.

ಅಂದರೆ ನೂರು ರೂಪಾಯಿಯ ಡೀಸೆಲ್ ಸುಟ್ಟರೆ ಕೆಲಸಕ್ಕೆ ಬಂದದ್ದು ಇಪ್ಪತ್ತೇಳು ರೂಪಾಯಿಯಷ್ಟು. ಉಳಿದ ಎಪ್ಪತ್ತಮೂರು ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಹೀಟ್ ಬ್ಯಾಲೆನ್ಸ್ ಶೀಟಿನಲ್ಲಿದೆ. ನಿಮಿಷಕ್ಕೆ 5 ಲೀಟರ್ ಹರಿಯುವ ತಣ್ಣೀರು 12 ಡಿಗ್ರಿ ಬಿಸಿಯಾಗಿ ಹೊರಬಂದಿದೆ. ಅದು ಹೊತ್ತೊಯ್ದದ್ದು 4.2 ಕಿಲೋವ್ಯಾಟ್. ಸೈಲೆನ್ಸರಿನಿಂದ ಹೋದ ಬಿಸಿ ಹೊಗೆಯ ಪಾಲು 2.9. ಎಂಜಿನ್ನಿನ ಮೈಯಿಂದ ಸುತ್ತಲಿನ ಗಾಳಿಗೆ ಹೋದದ್ದು, ಆಯಿಲ್ ಹೀರಿಕೊಂಡದ್ದು, ನಮ್ಮ ಅಳತೆಗೆ ಸಿಗದೆ ಹೋದದ್ದು ಎಲ್ಲ ಕೂಡಿ 2.8. ಇವಕ್ಕೆ ಶಾಫ್ಟಿನ 3.7 ಸೇರಿಸಿದರೆ ಸರಿಯಾಗಿ 13.6.

ಈ ಹಂತದಲ್ಲಿ ಹಲವರು ಘರ್ಷಣೆಗೆಂದು ಇನ್ನೊಂದು ಸಾಲು ಸೇರಿಸುತ್ತಾರೆ. ಅದು ತಪ್ಪು. ಪಿಸ್ಟನ್ ರಿಂಗು ಉಜ್ಜಿ ಹುಟ್ಟಿದ ಬಿಸಿ ಬಹುಪಾಲು ತಣ್ಣೀರಿಗೂ ಆಯಿಲ್‌ಗೂ ಸೇರಿ ಆಗಲೇ ಲೆಕ್ಕಕ್ಕೆ ಬಂದಿದೆ. ಅದನ್ನು ಮತ್ತೆ ಬರೆದರೆ ಒಂದೇ ಖರ್ಚನ್ನು ಎರಡು ಸಲ ಬರೆದ ಹಾಗೆ.

ಇಷ್ಟೂ ಮೊದಲನೆಯ ನಿಯಮ. ಶಕ್ತಿ ಎಲ್ಲೂ ಮಾಯವಾಗಿಲ್ಲ, ಪೈಸೆ ಪೈಸೆ ಲೆಕ್ಕ ಸಿಕ್ಕಿದೆ. ಮುಂದಿನ ಪ್ರಶ್ನೆಯಿಂದ ಎರಡನೆಯ ನಿಯಮ.

"ಘರ್ಷಣೆ ಇಲ್ಲ, ಮೈಯಿಂದ ಬಿಸಿ ಸೋರುವುದೂ ಇಲ್ಲ ಎನ್ನಿ. ಆಗ ನೂರಕ್ಕೆ ನೂರು ಬರುತ್ತದೆಯೇ?"

ಹತ್ತರಲ್ಲಿ ಏಳು ಮಂದಿ "ಬರುತ್ತದೆ ಸರ್" ಎನ್ನುತ್ತಾರೆ. ಅವರ ಪಾಲಿಗೆ ಆಚೆ ಹೋಗುವ ಬಿಸಿಯೆಲ್ಲ ಯಂತ್ರದ ದೋಷ. ಒಳ್ಳೆಯ ಆಯಿಲ್, ಒಳ್ಳೆಯ ಬೇರಿಂಗ್, ಚೆನ್ನಾದ ಹೊದಿಕೆ ಇದ್ದರೆ ಎಲ್ಲವನ್ನೂ ಉಳಿಸಬಹುದು ಎಂದು ಅವರ ನಂಬಿಕೆ. ಈ ನಂಬಿಕೆ ತಪ್ಪು ಎಂದು ಹೇಳುವುದೇ ಎರಡನೆಯ ನಿಯಮ.

ಕೆಲ್ವಿನ್ ಮತ್ತು ಪ್ಲಾಂಕ್ ಹೆಸರಿನ ವ್ಯಾಖ್ಯೆ ಹೀಗಿದೆ: ಒಂದೇ ಬಿಸಿಮೂಲದಿಂದ ಉಷ್ಣವನ್ನು ಪಡೆದು, ಅದಷ್ಟನ್ನೂ ಕೆಲಸವಾಗಿ ಮಾರ್ಪಡಿಸಿ, ಬೇರೆ ಏನನ್ನೂ ಬದಲಿಸದೆ ಆವರ್ತದಲ್ಲಿ ಓಡುವ ಯಂತ್ರ ಇರಲಾರದು. ಇದರ ಜೀವ "ಆವರ್ತ" ಎಂಬ ಪದದಲ್ಲಿದೆ. ಪಿಸ್ಟನ್ ಒಂದು ಸಲ ಹೊರಗೆ ತಳ್ಳಿಸಿಕೊಂಡರೆ ಸಾಲದು; ಮತ್ತೆ ಮೊದಲಿದ್ದ ಜಾಗಕ್ಕೆ ಬರಬೇಕು, ಮತ್ತೆ ತಳ್ಳಿಸಿಕೊಳ್ಳಬೇಕು. ತೊಂದರೆ ಇರುವುದು ಮರಳುವ ದಾರಿಯಲ್ಲಿ.

ಘರ್ಷಣೆಯೇ ಇಲ್ಲದ ಸಿಲಿಂಡರಿನಲ್ಲಿ ಬಿಸಿ ಅನಿಲ ಪಿಸ್ಟನ್ನನ್ನು ಹೊರಗೆ ತಳ್ಳಿ 100 ಜೂಲ್ ಕೆಲಸ ಕೊಟ್ಟಿತೆನ್ನಿ. ಅಷ್ಟೇ ಬಿಸಿಯಿರುವ ಅನಿಲವನ್ನು ಅದೇ ದಾರಿಯಲ್ಲಿ ಮತ್ತೆ ಒಳಗೆ ಒತ್ತಲು ನಾವು ಅದಕ್ಕೆ 100 ಜೂಲ್ ಕೊಡಬೇಕು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸರಿಹೋಯಿತು, ಕೈಗೆ ಏನೂ ಹತ್ತಲಿಲ್ಲ. ಲಾಭ ಬೇಕಿದ್ದರೆ ಒಳಗೆ ಒತ್ತುವ ಮೊದಲು ಅನಿಲವನ್ನು ತಣಿಸಬೇಕು. ತಣಿದ ಅನಿಲದ ಒತ್ತಡ ಕಡಿಮೆ. ಅದನ್ನು ಒಳಗೆ ಒತ್ತಲು 40 ಜೂಲ್ ಸಾಕಾಯಿತು ಎಂದರೆ 60 ನಮಗೆ ಉಳಿಯುತ್ತದೆ. ಆದರೆ ತಣಿಸುವುದೆಂದರೇನು? ಅದರ ಬಿಸಿಯನ್ನು ಇನ್ನೊಂದು ತಣ್ಣನೆಯ ಜಾಗಕ್ಕೆ ಬಿಟ್ಟುಕೊಡುವುದು. ಆ ಬಿಸಿ ನಮ್ಮ ಕೈ ತಪ್ಪಿತು.

ನಾನು ಇದನ್ನು ಸುಂಕ ಎಂದು ಕರೆಯುತ್ತೇನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಮಾತು ನಮ್ಮಲ್ಲಿದೆಯಲ್ಲ, ಹಾಗೆ. ಯಂತ್ರ ಎಷ್ಟೇ ನುಣುಪಾಗಿರಲಿ, ಈ ಬಾಬ್ತು ಕಟ್ಟದೆ ಪಿಸ್ಟನ್ ಲಾಭದೊಂದಿಗೆ ಮರಳಲಾರದು. ಘರ್ಷಣೆಯಿಂದಾದದ್ದು ನಷ್ಟ, ಅದನ್ನು ತಗ್ಗಿಸಬಹುದು. ಸುಂಕ ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡಲು ಬಂದ ವಿದ್ಯಾರ್ಥಿಗೆ ಈ ವಿಷಯ ಬಂತು ಎಂದೇ ನನ್ನ ಲೆಕ್ಕ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಮರುಪ್ರಶ್ನೆ ಹಾಕಬಹುದು: "ಸರ್, ತಾಪ ಒಂದೇ ಇರುವಂತೆ ಆದರ್ಶ ಅನಿಲವನ್ನು ಹಿಗ್ಗಿಸಿದರೆ ಕೊಟ್ಟ ಉಷ್ಣವೆಲ್ಲ ಕೆಲಸವಾಗುತ್ತದೆ ಎಂದು ಪುಸ್ತಕದಲ್ಲಿದೆ. ಅದು ಈ ನಿಯಮವನ್ನು ಮುರಿದಂತಲ್ಲವೇ?" ಮುರಿದಂತಲ್ಲ. ಅದು ಒಂದೇ ಹೊಡೆತ, ಆವರ್ತವಲ್ಲ. ಕೊನೆಯಲ್ಲಿ ಅನಿಲ ಮೊದಲಿಗಿಂತ ಹೆಚ್ಚು ಜಾಗ ಹಿಡಿದು, ಒತ್ತಡ ಕಳೆದುಕೊಂಡು ಕೂತಿದೆ. "ಬೇರೆ ಏನನ್ನೂ ಬದಲಿಸದೆ" ಎಂಬ ಷರತ್ತು ಅಲ್ಲಿ ಈಡೇರಿಲ್ಲ. ಈ ಪ್ರಶ್ನೆಯನ್ನು ತಾನಾಗಿ ಕೇಳಿದವನಿಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ.

"ಈ ಸುಂಕ ಕಡಿಮೆಯೆಂದರೆ ಎಷ್ಟು?"

ಇದಕ್ಕೆ ಉತ್ತರದ ದಾರಿ ತೆರೆದವನು ಫ್ರಾನ್ಸಿನ ಸಾದಿ ಕಾರ್ನೊ. 1824ರಲ್ಲಿ, ತನ್ನ 28ನೇ ವಯಸ್ಸಿನಲ್ಲಿ, ಹಬೆ ಯಂತ್ರಗಳ ಬಗ್ಗೆ ಒಂದು ಸಣ್ಣ ಪುಸ್ತಕ ಪ್ರಕಟಿಸಿದ. ಬಿಸಿ ಎಂಬುದು ಒಂದು ಬಗೆಯ ದ್ರವ, ಎತ್ತರದಿಂದ ಬಿದ್ದ ನೀರು ಚಕ್ರ ತಿರುಗಿಸುವಂತೆ ಅದು ಹೆಚ್ಚು ತಾಪದಿಂದ ಕಡಿಮೆ ತಾಪಕ್ಕೆ ಬೀಳುತ್ತಾ ಕೆಲಸ ಮಾಡುತ್ತದೆ ಎಂದು ಅವನು ಭಾವಿಸಿದ್ದ. ಬಿಸಿ ದ್ರವವಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೂ ಅವನ ತೀರ್ಮಾನ ಮಾತ್ರ ಗಟ್ಟಿಯಾಗಿ ನಿಂತಿತು: ಅತ್ಯುತ್ತಮ ಯಂತ್ರದ ದಕ್ಷತೆ ಅದರೊಳಗೆ ಗಾಳಿ ಇದೆಯೇ ಹಬೆ ಇದೆಯೇ ಎಂಬುದನ್ನು ಅವಲಂಬಿಸಿಲ್ಲ, ಬಿಸಿ ತುದಿಯ ಮತ್ತು ತಣ್ಣನೆಯ ತುದಿಯ ತಾಪಗಳನ್ನಷ್ಟೇ ಅವಲಂಬಿಸಿದೆ. 1832ರಲ್ಲಿ ಕಾಲರಾ ತಗುಲಿ ಅವನು ತೀರಿಕೊಂಡಾಗ ಆ ಪುಸ್ತಕದ ಬೆಲೆ ಅರಿತವರು ಬೆರಳೆಣಿಕೆಯಷ್ಟು. ಕ್ಲಾಸಿಯಸ್ 1850ರಲ್ಲಿ, ಕೆಲ್ವಿನ್ 1851ರಲ್ಲಿ ಅವನ ತೀರ್ಮಾನವನ್ನು ಹೊಸ ಅಡಿಪಾಯದ ಮೇಲೆ ನಿಲ್ಲಿಸಿದರು. ಇವತ್ತು ಅದನ್ನು ಬರೆಯುವುದು ಹೀಗೆ:

η = 1 − T₂/T₁

T₁ ಬಿಸಿ ತುದಿಯ ತಾಪ, T₂ ತಣ್ಣನೆಯ ತುದಿಯದು. ಎರಡೂ ಕೆಲ್ವಿನ್ನಿನಲ್ಲಿ ಇರಬೇಕು.

ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನೇ ತೆಗೆದುಕೊಳ್ಳಿ. ರಾಯಚೂರಿನ ಶಕ್ತಿನಗರದಲ್ಲಿರುವಂಥ ಘಟಕಗಳಲ್ಲಿ ಟರ್ಬೈನಿಗೆ ನುಗ್ಗುವ ಹಬೆಯ ತಾಪ 540 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕೆಲಸ ಮುಗಿಸಿದ ಹಬೆ ಕಂಡೆನ್ಸರಿನಲ್ಲಿ ಸುಮಾರು 45 ಡಿಗ್ರಿಯಲ್ಲಿ ನೀರಾಗುತ್ತದೆ ಎಂದು ಇಟ್ಟುಕೊಳ್ಳೋಣ. 273 ಕೂಡಿಸಿದರೆ 813 ಮತ್ತು 318 ಕೆಲ್ವಿನ್. ದಕ್ಷತೆಯ ಮಿತಿ ಶೇಕಡ 61. ದೇವಲೋಕದ ಯಂತ್ರ ತಂದಿಟ್ಟರೂ ಈ ಎರಡು ತಾಪಗಳ ನಡುವೆ ಶೇಕಡ 39ರಷ್ಟು ಸುಂಕ ತಪ್ಪದು.

ಅವಸರದಲ್ಲಿ ಸೆಲ್ಸಿಯಸ್‌ನಲ್ಲೇ ಲೆಕ್ಕ ಮಾಡಿದವರಿಗೆ ಶೇಕಡ 92 ಬರುತ್ತದೆ. ಉತ್ತರ ನೋಡಿ ಖುಷಿಯೂ ಆಗುತ್ತದೆ. ತಪ್ಪನ್ನು ತಾನೇ ಹಿಡಿಯುವ ಉಪಾಯ ಒಂದಿದೆ. ತಣ್ಣನೆಯ ತುದಿಯಲ್ಲಿ ಮಂಜುಗಡ್ಡೆ ಇಟ್ಟು ಸೊನ್ನೆ ಡಿಗ್ರಿ ಮಾಡಿ ನೋಡಿ. ಸೆಲ್ಸಿಯಸ್ ಲೆಕ್ಕ ಆಗ ನೂರಕ್ಕೆ ನೂರು ತೋರಿಸುತ್ತದೆ. ಬರೀ ಮಂಜುಗಡ್ಡೆಯಿಂದ ಪ್ರಕೃತಿಯ ಸುಂಕ ಮನ್ನಾ ಆಗುವುದಾದರೆ ಲೆಕ್ಕದಲ್ಲೇ ಎಡವಟ್ಟಾಗಿದೆ ಎಂದರ್ಥ.

"ಅಷ್ಟು ಕಷ್ಟಪಟ್ಟು ಕಾಯಿಸಿದ ಹಬೆಯನ್ನು ತಣಿಸುವುದೇಕೆ? ಹಾಗೇ ಬಾಯ್ಲರಿಗೆ ಮರಳಿಸಬಾರದೇ?"

ಕಂಡೆನ್ಸರಿನ ಬಗ್ಗೆ ಎಲ್ಲರಿಗೂ ಹುಟ್ಟಬೇಕಾದ ಸಂಶಯ ಇದು. ಸ್ಥಾವರದ ದೊಡ್ಡ ಕೂಲಿಂಗ್ ಟವರುಗಳಿಂದ ಮೇಲೇಳುವ ಬಿಳಿ ಆವಿಯನ್ನು ನೋಡಿದ ಯಾರಿಗಾದರೂ ಇಷ್ಟು ಬಿಸಿ ದಂಡವಾಯಿತಲ್ಲ ಎನಿಸುತ್ತದೆ.

ಕಂಡೆನ್ಸರಿನ 45 ಡಿಗ್ರಿಯಲ್ಲಿ ಒಂದು ಕಿಲೋ ಒಣ ಹಬೆ ಹಿಡಿಯುವ ಜಾಗ ಸುಮಾರು 15 ಸಾವಿರ ಲೀಟರ್. ಅದೇ ಒಂದು ಕಿಲೋ ನೀರಾದರೆ ಒಂದು ಲೀಟರ್. ಬಾಯ್ಲರಿನ ಒತ್ತಡ ವಾತಾವರಣದ ನೂರು ಪಟ್ಟಿಗೂ ಹೆಚ್ಚು. ಒಂದು ಲೀಟರ್ ನೀರನ್ನು ಆ ಒತ್ತಡಕ್ಕೆ ದೂಡಲು ಪಂಪಿಗೆ ಹತ್ತು ಹದಿನೈದು ಕಿಲೋಜೂಲ್ ಸಾಕು. ಅಷ್ಟು ದೊಡ್ಡ ಗಾತ್ರದ ಹಬೆಯನ್ನು ತಣಿಸದೆ ಹಿಂಡಿ ಅದೇ ಒತ್ತಡಕ್ಕೆ ಏರಿಸಲು ಹೋದರೆ ಟರ್ಬೈನು ಕೊಟ್ಟದ್ದೆಲ್ಲ ಕಂಪ್ರೆಸರಿಗೇ ಹೋಗುತ್ತದೆ, ಅದೂ ಸಾಲದು. ಪಿಸ್ಟನ್ನಿನ ಉದಾಹರಣೆಯಲ್ಲಿ 100 ಕೊಟ್ಟು 100 ಪಡೆದ ಕಥೆಯೇ ಇಲ್ಲಿ ದೊಡ್ಡದಾಗಿ ಕಾಣುತ್ತದೆ. ಕಂಡೆನ್ಸರ್ ಇರುವುದು ಮರಳುವ ದಾರಿಯ ಖರ್ಚನ್ನು ಇಳಿಸಲು.

"ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆಯೇ?"

ಇದು ಮನೆಯವರೆಲ್ಲ ಕೇಳಬಹುದಾದ ಪ್ರಶ್ನೆ. ಬಾಗಿಲ ಮುಂದೆ ನಿಂತವರಿಗೆ ತಂಪೆನಿಸುವುದು ನಿಜ. ಆದರೆ ಮುಚ್ಚಿದ ಕೋಣೆ ಒಟ್ಟಾರೆ ಬಿಸಿಯಾಗುತ್ತದೆ. ಫ್ರಿಜ್ಜು ಒಳಗಿನಿಂದ ಎಳೆದ ಬಿಸಿಯನ್ನು ತನ್ನ ಬೆನ್ನಿನಿಂದ ಅದೇ ಕೋಣೆಗೆ ಬಿಡುತ್ತದೆ, ಜೊತೆಗೆ ಕಂಪ್ರೆಸರ್ ತಿಂದ ವಿದ್ಯುತ್ತೂ ಬಿಸಿಯಾಗಿ ಸೇರುತ್ತದೆ. 150 ವ್ಯಾಟ್ ತಿನ್ನುವ ಫ್ರಿಜ್ಜು ಕೋಣೆಯ ಮಟ್ಟಿಗೆ 150 ವ್ಯಾಟಿನ ಹೀಟರ್.

ಇದರ ಹಿಂದಿರುವುದು ಕ್ಲಾಸಿಯಸ್ ವ್ಯಾಖ್ಯೆ: ಬೇರೆ ಯಾವ ಬದಲಾವಣೆಯೂ ಇಲ್ಲದೆ, ತಣ್ಣನೆಯದರಿಂದ ಬಿಸಿಯಾದದ್ದಕ್ಕೆ ಉಷ್ಣ ತಾನಾಗಿ ಹರಿಯದು. ಹರಿಸಬೇಕಾದರೆ ಕೆಲಸ ಸುರಿಯಬೇಕು. ಇದೂ ಕೆಲ್ವಿನ್–ಪ್ಲಾಂಕ್ ವ್ಯಾಖ್ಯೆಯೂ ಒಂದೇ ನಿಯಮದ ಎರಡು ಮುಖ. ಹೇಗೆಂದರೆ, ಬಿಸಿ ತುದಿಯಿಂದ 100 ಜೂಲ್ ಪಡೆದು 100ನ್ನೂ ಕೆಲಸ ಮಾಡುವ ಸುಂಕವಿಲ್ಲದ ಎಂಜಿನ್ ಒಂದಿದೆ ಎನ್ನಿ. ಆ ಕೆಲಸದಿಂದ ಒಂದು ಫ್ರಿಜ್ಜು ಓಡಿಸಿ. ಅದು ತಣ್ಣನೆಯ ತುದಿಯಿಂದ 200 ಎತ್ತಿ, ಕೆಲಸದ 100 ಸೇರಿಸಿ, 300ನ್ನು ಬಿಸಿ ತುದಿಗೆ ಕೊಡುತ್ತದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಹೊರಗಿನಿಂದ ನೋಡಿ. ಯಾವ ಖರ್ಚೂ ಇಲ್ಲದೆ 200 ಜೂಲ್ ತಣ್ಣನೆಯ ಕಡೆಯಿಂದ ಬಿಸಿ ಕಡೆಗೆ ಹತ್ತಿತು. ಒಂದು ವ್ಯಾಖ್ಯೆ ಮುರಿದರೆ ಇನ್ನೊಂದೂ ಮುರಿಯಿತು.

"ಎಂಟ್ರೊಪಿ ಎಂದರೇನು? ವ್ಯಾಖ್ಯೆ ಬೇಡ, ಒಂದು ಲೆಕ್ಕದಲ್ಲಿ ತೋರಿಸಿ."

"ಅವ್ಯವಸ್ಥೆಯ ಅಳತೆ" ಎಂದು ಹೇಳಿ ಸುಮ್ಮನಾಗುವ ಉತ್ತರ ನನಗೆ ಸಮಾಧಾನ ಕೊಡುವುದಿಲ್ಲ. ಮೆಕ್ಯಾನಿಕಲ್ ವಿದ್ಯಾರ್ಥಿಗೆ ಬೇಕಾದದ್ದು ಅದು ಎಂಜಿನ್ನಿನಲ್ಲಿ ಏನು ಹೇಳುತ್ತದೆ ಎಂಬುದು.

600 ಕೆಲ್ವಿನ್ನಿನ ಕಬ್ಬಿಣದ ದೊಡ್ಡ ಗಟ್ಟಿಯಿಂದ 300 ಕೆಲ್ವಿನ್ನಿನ ಕೆರೆಗೆ 1000 ಜೂಲ್ ಬಿಸಿ ಸುಮ್ಮನೆ ಹರಿದುಹೋಯಿತು ಎನ್ನಿ. ಉಷ್ಣವನ್ನು ತಾಪದಿಂದ ಭಾಗಿಸಿದರೆ ಎಂಟ್ರೊಪಿಯ ಬದಲಾವಣೆ ಸಿಗುತ್ತದೆ. ಗಟ್ಟಿ ಕಳೆದುಕೊಂಡದ್ದು 1.67, ಕೆರೆ ಪಡೆದದ್ದು 3.33. ಜೂಲ್ ಎಷ್ಟಿತ್ತೋ ಅಷ್ಟೇ ಇದೆ, ಎಂಟ್ರೊಪಿ ಮಾತ್ರ 1.67 ಹೆಚ್ಚಿತು. ಈ ಹೆಚ್ಚಳವನ್ನು ಕೆರೆಯ ತಾಪ 300ರಿಂದ ಗುಣಿಸಿ: 500 ಜೂಲ್. ಅದೇ ಗಟ್ಟಿ ಮತ್ತು ಕೆರೆಯ ನಡುವೆ ಕಾರ್ನೊ ಎಂಜಿನ್ ಇಟ್ಟಿದ್ದರೆ ದಕ್ಷತೆ ಶೇಕಡ 50, ಅಂದರೆ 500 ಜೂಲ್ ಕೆಲಸ ಸಿಗುತ್ತಿತ್ತು. ಎರಡೂ ಒಂದೇ ಸಂಖ್ಯೆ. ಕೈಗೆ ಸಿಗಬಹುದಾಗಿದ್ದ ಕೆಲಸ ಎಷ್ಟು ಹಾಳಾಯಿತು ಎಂಬುದರ ರಸೀದಿಯೇ ಈ ಎಂಟ್ರೊಪಿ ಹೆಚ್ಚಳ. ಈ ಪದವನ್ನು ಕ್ಲಾಸಿಯಸ್ 1865ರಲ್ಲಿ ಕಟ್ಟಿದ.

"ಕೊನೆಯ ಪ್ರಶ್ನೆ. ನಿಮ್ಮ ಎಂಜಿನ್ನಿನ ತಣ್ಣೀರು ನಿಲ್ಲಿಸಿ, ಸಿಲಿಂಡರಿಗೆ ಬಿಸಿ ದಾಟದ ಹೊದಿಕೆ ಹಾಕಿದರೆ ಆ 4.2 ಕಿಲೋವ್ಯಾಟ್ ಶಾಫ್ಟಿಗೆ ಬರುತ್ತದೆಯೇ?"

ಇಲ್ಲಿಗೆ ಬರುವಷ್ಟರಲ್ಲಿ ಸುಂಕದ ಮಾತು ಅರ್ಥವಾದವರು ಕೂಡ ಒಂದು ಕಡೆ ಎಡವುತ್ತಾರೆ. "ತಣ್ಣೀರಿಗೆ ಹೋಗುವ ಬಿಸಿಯೇ ಎರಡನೆಯ ನಿಯಮದ ಸುಂಕ, ಅದನ್ನು ತಡೆಯಲಾಗದು" ಎಂದುಬಿಡುತ್ತಾರೆ. ಹಬೆ ಸ್ಥಾವರದ ಕಂಡೆನ್ಸರ್ ನೀರಿಗೆ ಆ ಮಾತು ಸರಿ. ಡೀಸೆಲ್ ಎಂಜಿನ್ನಿನ ತಣ್ಣೀರಿಗೆ ಅಲ್ಲ. ಇಲ್ಲಿ ನೀರು ಇರುವುದು ಲೋಹ ಮತ್ತು ಆಯಿಲ್ ಉಳಿಯಲಿ ಎಂದು. ನಿಲ್ಲಿಸಿದರೆ ಆಯಿಲ್ ಸುಟ್ಟು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಈ ಎಂಜಿನ್ ತನ್ನ ಸುಂಕ ಕಟ್ಟುವುದು ಸೈಲೆನ್ಸರಿನಲ್ಲಿ: ಬಿಸಿ ಹೊಗೆಯನ್ನು ಆಚೆ ಹಾಕಿ, ತಣ್ಣನೆಯ ಹೊಸ ಗಾಳಿ ಎಳೆದುಕೊಂಡು, ಅದನ್ನು ಒತ್ತುತ್ತದೆ. ಅನಿಲವನ್ನು ತಣಿಸುವ ಬದಲು ಅನಿಲವನ್ನೇ ಬದಲಿಸುತ್ತದೆ.

ಹೊದಿಕೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಸೆರಾಮಿಕ್ ಪದರ ಹಚ್ಚಿದ ಎಂಜಿನ್ನುಗಳಲ್ಲಿ ಎಂಜಿನಿಯರುಗಳು ಮಾಡಿ ನೋಡಿದ್ದಾರೆ. ತಣ್ಣೀರಿನಿಂದ ಉಳಿದ ಬಿಸಿಯಲ್ಲಿ ಸ್ವಲ್ಪ ಪಾಲು ಮಾತ್ರ ಶಾಫ್ಟಿಗೆ ಬಂತು. ಹೆಚ್ಚಿನದು ಹೊಗೆಯನ್ನು ಇನ್ನಷ್ಟು ಬಿಸಿ ಮಾಡಿ ಹೊರಟುಹೋಯಿತು. ಬಾಗಿಲು ಮುಚ್ಚಿದರೆ ಕಿಟಕಿಯಿಂದ ಹೋದ ಹಾಗೆ. ಆ ಹೊಗೆಯಿಂದ ಇನ್ನೊಂದಿಷ್ಟು ಕೆಲಸ ಹಿಂಡಲು ಸೈಲೆನ್ಸರಿನ ದಾರಿಯಲ್ಲಿ ಟರ್ಬೈನ್ ಕೂರಿಸಬಹುದು. ಲಾರಿಗಳ ಟರ್ಬೋಚಾರ್ಜರ್ ಆ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುತ್ತದೆ.

ಹಾಗಾದರೆ ನಮ್ಮ ಲ್ಯಾಬಿನ ಶೇಕಡ 27ರಲ್ಲಿ ತಪ್ಪು ಯಾರದು? ಇಷ್ಟು ಸಂಕೋಚನ ಅನುಪಾತದ ಡೀಸೆಲ್ ಆವರ್ತವನ್ನು ನಷ್ಟವೇ ಇಲ್ಲದಂತೆ, ಶುದ್ಧ ಗಾಳಿಯಲ್ಲಿ ಓಡಿಸಿದರೆ ಶೇಕಡ 60ರ ಆಸುಪಾಸು ಬರುತ್ತದೆ ಎನ್ನುತ್ತದೆ ಕಾಗದದ ಲೆಕ್ಕ. ಅಂದರೆ ಆ ಆವರ್ತದ ಮಟ್ಟಿಗೆ ಶೇಕಡ 40 ಸುಂಕ, ಉಳಿದ 33 ನಷ್ಟ. ಎಂಜಿನಿಯರಿನ ಕೈಚಳಕಕ್ಕೆ ಜಾಗ ಇರುವುದು ಆ 33ರಲ್ಲಿ. ಈ ಎಂಜಿನ್ನಿಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್ ಕೂಡ ಹೊರಟದ್ದು ಕಾರ್ನೊ ಆವರ್ತವನ್ನೇ ಲೋಹದಲ್ಲಿ ಕಟ್ಟಬೇಕೆಂದು. ಅದು ಕೈಗೂಡಲಿಲ್ಲ. 1897ರಲ್ಲಿ ಅವನ ಎಂಜಿನ್ ಪರೀಕ್ಷೆಗೆ ನಿಂತಾಗ ಬಂದ ದಕ್ಷತೆ ಶೇಕಡ 26ರಷ್ಟು. ಆ ಕಾಲದ ಹಬೆ ಯಂತ್ರಗಳಿಗಿಂತ ಅದು ಎಷ್ಟೋ ಮೇಲು.

ಆ ದಿನ ಆ ವಿದ್ಯಾರ್ಥಿನಿ ಕೊನೆಯ ಪ್ರಶ್ನೆಗೆ ಕೂಡಲೇ ಉತ್ತರಿಸಲಿಲ್ಲ. ತಿರುಗಿ ಎಂಜಿನ್ ಕಡೆ ನೋಡಿದಳು. ಯಾರೋ ಡೀಸೆಲ್ ನಿಲ್ಲಿಸಿದ್ದರು. ತಣ್ಣೀರು ಮಾತ್ರ ಇನ್ನೂ ಹರಿಯುತ್ತಿತ್ತು. "ಸರ್," ಎಂದಳು, "ನೀರಿಗೆ ಹೋಗೋದು ಎಂಜಿನ್ ಉಳಿಸೋಕೆ. ಹೊಗೆಯಲ್ಲಿ ಹೋಗೋದು ಪಿಸ್ಟನ್ ವಾಪಸ್ ಬರೋಕೆ." ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಮುಂದಿನವರನ್ನು ಕರೆಯಲು ಹೇಳಿ ಅಂಕದ ಹಾಳೆ ಎತ್ತಿಕೊಂಡೆ.